ಇಯರ್‌ಬಡ್‌ನಲ್ಲಿ ತುಟಿ ಮೊದಲು, ಮಾತು ಆಮೇಲೆ: ಫೋನಿನಲ್ಲಿ ಸರಿ, ಟಿವಿಯಲ್ಲಿ ಯಾಕೆ ಇಲ್ಲ?

ಕುಂದವಾಡ ಕೆರೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮ ಅಪ್ಪನಿಗೆ 71 ವರ್ಷ. ಕಿವಿ ಸ್ವಲ್ಪ ಮಂದ. ರಾತ್ರಿ ಧಾರಾವಾಹಿ, ಆಮೇಲೆ ವಾರ್ತೆ, ಇಷ್ಟು ಅವರಿಗೆ ಬೇಕೇ ಬೇಕು. ಮಗ ಈ ವರ್ಷ ಸೆಕೆಂಡ್ ಪಿಯುಸಿ, ಅದೇ ಹಾಲ್‌ನ ಪಕ್ಕದ ಕೋಣೆಯಲ್ಲಿ ಓದುತ್ತಾನೆ. ಟಿವಿ ಸೌಂಡ್ ಜಾಸ್ತಿ ಇಟ್ಟರೆ ಇವನಿಗೆ ಕಷ್ಟ, ಕಮ್ಮಿ ಇಟ್ಟರೆ ಅವರಿಗೆ ಕಷ್ಟ. ನಮ್ಮ ಟಿವಿ ಹಳೆಯದು, ಅದರಲ್ಲಿ ಬ್ಲೂಟೂತ್ ಇಲ್ಲ. ಅದಕ್ಕೆ ಟಿವಿಯ ಹೆಡ್‌ಫೋನ್ ತೂತಿಗೆ ಸಿಕ್ಕಿಸುವ ಒಂದು ಚಿಕ್ಕ ಬ್ಲೂಟೂತ್ ಟ್ರಾನ್ಸ್‌ಮಿಟರ್ ತಂದೆ. ಅಪ್ಪನಿಗೆ ನನ್ನ ಇಯರ್‌ಬಡ್ ಕೊಟ್ಟೆ.

ಧ್ವನಿ ಚೆನ್ನಾಗಿ ಕೇಳುತ್ತದೆ. ಆದರೆ ತಡವಾಗಿ. ಅಪ್ಪ ಹೇಳಿದ್ದು ಹೀಗೆ: "ಅವರು ಮಾತಾಡಿ ಬಾಯಿ ಮುಚ್ಚಿದ ಮೇಲೆ ನನಗೆ ಕೇಳಿಸುತ್ತೆ ಕಣವ್ವ." ಅವರು ಅರ್ಧ ಮಾತನ್ನು ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುವವರು. ತುಟಿ ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಎರಡೇ ದಿನಕ್ಕೆ ತೆಗೆದಿಟ್ಟರು.

ನನಗೆ ಅರ್ಥವಾಗದ್ದು ಒಂದೇ. ಅದೇ ಇಯರ್‌ಬಡ್ ನನ್ನ ಫೋನಿಗೆ ಹಾಕಿ ಯೂಟ್ಯೂಬ್ ನೋಡಿದರೆ ತುಟಿ, ಮಾತು ಎರಡೂ ಸರಿಯಾಗಿ ಕೂಡುತ್ತವೆ. ಟಿವಿಯಲ್ಲಿ ಮಾತ್ರ ಯಾಕೆ ಹೀಗೆ? ಕೆಟ್ಟಿರುವುದು ಯಾವುದು?

ಮಂಡಿಪೇಟೆ ಮೊಬೈಲ್ಸ್ (ದಾವಣಗೆರೆ)

ಮೇಡಂ, ಇದು ಕೋಡೆಕ್ ಸಮಸ್ಯೆ, ಅಂದರೆ ಧ್ವನಿಯನ್ನು ಕುಗ್ಗಿಸಿ ಕಳಿಸುವ ಪದ್ಧತಿಯದು. ಅಂಗಡಿಗೆ ವಾರಕ್ಕೆ ನಾಲ್ಕು ಜನ ಇದನ್ನೇ ಹೇಳಿಕೊಂಡು ಬರುತ್ತಾರೆ. ಅಗ್ಗದ ಟ್ರಾನ್ಸ್‌ಮಿಟರ್‌ಗಳು ಎಸ್‌ಬಿಸಿ ಕೋಡೆಕ್ ಮಾತ್ರ ಹಾಕುತ್ತವೆ. ಅದು ತುಂಬಾ ಹಳೆಯದು, ಸ್ಲೋ. ಎಲ್‌ಡ್ಯಾಕ್ ಇರುವ ಇಯರ್‌ಬಡ್ ತಗೊಳ್ಳಿ. ಅದರಲ್ಲಿ ಸೆಕೆಂಡಿಗೆ 990 ಕಿಲೋಬಿಟ್ ಹೋಗುತ್ತದೆ, ಎಸ್‌ಬಿಸಿಯಲ್ಲಿ 328 ಅಷ್ಟೇ. ಮೂರು ಪಟ್ಟು ಜಾಸ್ತಿ ಡೇಟಾ ಹೋದರೆ ಧ್ವನಿ ಬೇಗ ಬರುತ್ತದೆ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ `Bluetooth Audio Codec` ಅಂತ ಇರುತ್ತದೆ, ಅಲ್ಲಿ ಬದಲಾಯಿಸಿ ನೋಡಿ.

ಹಿರಿಯೂರು ಮೇಷ್ಟ್ರು

ತಂಗಿ, ನಿಮ್ಮ ಮನೆಯ ಇಂಟರ್ನೆಟ್ ವೇಗ ಎಷ್ಟು? ನಮ್ಮಲ್ಲೂ ಇದೇ ತೊಂದರೆ. ನಾನು ಲ್ಯಾಪ್‌ಟಾಪಿನಲ್ಲಿ ಹಳೆಯ ಸಿನಿಮಾ ಹಾಕಿಕೊಂಡು ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳುತ್ತೇನೆ. ಶುರುವಿನಲ್ಲಿ ಸರಿ ಇರುತ್ತದೆ. ಮಧ್ಯಂತರದ ಹೊತ್ತಿಗೆ ಮಾತು ಹಿಂದೆ ಬಿದ್ದಿರುತ್ತದೆ. ನೆಟ್ ನಿಧಾನವಾಗಿದ್ದರೆ ಹೀಗಾಗುತ್ತದೆ ಅಂತ ನನ್ನ ಅಂದಾಜು.

ಕುಂದವಾಡ ಕೆರೆ

ಸರ್, ನಮ್ಮದು ಕೇಬಲ್ ಸೆಟ್‌ಟಾಪ್ ಬಾಕ್ಸ್. ಇಂಟರ್ನೆಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಮತ್ತೆ ನಮ್ಮಲ್ಲಿ ಮೊದಲ ನಿಮಿಷದಿಂದಲೇ ತಡ. ಅದು ಹೆಚ್ಚೂ ಆಗಲ್ಲ, ಕಮ್ಮಿಯೂ ಆಗಲ್ಲ.

ದುರ್ಗದ ತರಂಗ (ಚಿತ್ರದುರ್ಗ)

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಬ್ಲೂಟೂತ್ ಆಡಿಯೋ ಸಾಧನಗಳ ಫರ್ಮ್‌ವೇರ್ ಬರೆಯುವ ಕೆಲಸ ಮಾಡಿದ್ದೇನೆ. ಈಗ ಊರಲ್ಲಿದ್ದೇನೆ.

ಮೇಡಂ, ನಿಮ್ಮ ಯಾವ ವಸ್ತುವೂ ಕೆಟ್ಟಿಲ್ಲ. ಇಯರ್‌ಬಡ್ ಎರಡೂ ಕಡೆ ಒಂದೇ ಥರ ತಡ ಮಾಡುತ್ತಿದೆ. ಫೋನು ಆ ತಡಕ್ಕಾಗಿ ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ, ಟಿವಿ ನಿಲ್ಲಿಸುವುದಿಲ್ಲ. ವ್ಯತ್ಯಾಸ ಅಷ್ಟೇ.

ಮೊದಲು ತಡ ಎಲ್ಲಿಂದ ಬರುತ್ತದೆ ನೋಡಿ. ನಮ್ಮೂರಲ್ಲಿ ನಳದ ನೀರು ಬಿಟ್ಟು ಬಿಟ್ಟು ಬರುತ್ತದೆ ಅಲ್ವಾ? ಅದಕ್ಕೇ ಮನೆ ಮೇಲೆ ಟ್ಯಾಂಕ್ ಇಡುತ್ತೇವೆ. ನೀರು ಬಂದಾಗ ತುಂಬುತ್ತದೆ, ಕೆಳಗೆ ಮಾತ್ರ ಒಂದೇ ಸಮನೆ ಬರುತ್ತದೆ. ಬ್ಲೂಟೂತ್ ಗಾಳಿಯೂ ಹೀಗೆಯೇ. ವೈಫೈ ಅಡ್ಡ ಬರುತ್ತದೆ, ನಮ್ಮ ಮೈ ಅಡ್ಡ ಬರುತ್ತದೆ, ಒಂದು ಪ್ಯಾಕೆಟ್ ತಲುಪದಿದ್ದರೆ ಟ್ರಾನ್ಸ್‌ಮಿಟರ್ ಮತ್ತೆ ಕಳಿಸುತ್ತದೆ. ಈ ಏರುಪೇರು ಕಿವಿಗೆ ಗೊತ್ತಾಗಬಾರದು ಅಂತ ಇಯರ್‌ಬಡ್ ಒಳಗೆ ಒಂದು ಬಫರ್ ಇರುತ್ತದೆ. ಬಂದ ಧ್ವನಿಯನ್ನು ಅಲ್ಲಿ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಟ್ಯಾಂಕ್ ದೊಡ್ಡದಾದಷ್ಟೂ ಧ್ವನಿ ಕಡಿಯುವುದಿಲ್ಲ. ಆದರೆ ಈಗ ಬಂದದ್ದು ಈಗಲೇ ಕೇಳುವುದಿಲ್ಲ, ಟ್ಯಾಂಕ್ ದಾಟಿ ಬರಬೇಕು. ಸಾಮಾನ್ಯ ಇಯರ್‌ಬಡ್‌ಗಳಲ್ಲಿ ಎಲ್ಲಾ ಸೇರಿ 150ರಿಂದ 300 ಮಿಲಿಸೆಕೆಂಡ್ ತನಕ ಆಗುತ್ತದೆ.

ಕೋಡೆಕ್‌ನ ಸ್ವಂತ ಪಾಲು ಇದರಲ್ಲಿ ಚಿಕ್ಕದು. ಎಸ್‌ಬಿಸಿ ಒಂದು ಸಲಕ್ಕೆ 128 ಸ್ಯಾಂಪಲ್ ಕಟ್ಟು ಕಟ್ಟುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಎಎಸಿ ಅನ್ನುವ ಇನ್ನೊಂದು ಕೋಡೆಕ್ 1024 ಸ್ಯಾಂಪಲ್ ಕಟ್ಟುತ್ತದೆ, 23 ಮಿಲಿಸೆಕೆಂಡ್. ಅಂದರೆ ಎಲ್ಲರೂ ಬೈಯುವ ಹಳೆಯ ಎಸ್‌ಬಿಸಿಯೇ ಈ ಲೆಕ್ಕದಲ್ಲಿ ಚುರುಕು. ಉಳಿದ ತಡವೆಲ್ಲ ಬಹುಪಾಲು ಟ್ಯಾಂಕಿನದು.

ಈಗ ಫೋನಿನ ವಿಷಯ. ಇಯರ್‌ಬಡ್ ಫೋನಿಗೆ ಕೂಡಿದಾಗ "ನನ್ನಲ್ಲಿ ಇಷ್ಟು ತಡ ಇದೆ" ಅಂತ ಒಂದು ಲೆಕ್ಕ ವಾಪಸ್ ಹೇಳಬಹುದು. ಬ್ಲೂಟೂತ್‌ನಲ್ಲಿ ಇದಕ್ಕೆ ಡಿಲೇ ರಿಪೋರ್ಟ್ ಅನ್ನುತ್ತಾರೆ. ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೋಗುವ ಒಂದು ಸಂಖ್ಯೆ ಅದು. ವಿಡಿಯೋ ಪ್ಲೇಯರ್ ಆ ಸಂಖ್ಯೆ ನೋಡಿ, ಧ್ವನಿಯನ್ನು ಮೊದಲು ಕಳಿಸಿ, ಚಿತ್ರವನ್ನು ಅಷ್ಟು ಹೊತ್ತು ತಡೆದು ತೋರಿಸುತ್ತದೆ. ನೀವು ಯೂಟ್ಯೂಬ್‌ನಲ್ಲಿ ನೋಡುತ್ತಿರುವುದು ತಡೆದು ತೋರಿಸಿದ ಚಿತ್ರ.

ನಿಮ್ಮ ಟ್ರಾನ್ಸ್‌ಮಿಟರ್‌ಗೂ ಇಯರ್‌ಬಡ್ ಈ ಸಂಖ್ಯೆ ಹೇಳುತ್ತಿರಬಹುದು. ಹೇಳಿ ಏನು ಬಂತು? ಟ್ರಾನ್ಸ್‌ಮಿಟರ್ ಕೂತಿರುವುದು ಹೆಡ್‌ಫೋನ್ ತೂತಿನಲ್ಲಿ. ಆ ತೂತಿನಿಂದ ಧ್ವನಿ ಹೊರಗೆ ಬರುತ್ತದೆ, ಸುದ್ದಿ ಒಳಗೆ ಹೋಗುವುದಿಲ್ಲ. ಮಾಮೂಲಿ ತಂತಿ ಹೆಡ್‌ಫೋನ್ ಹಾಕಿದ್ದಾರೆ ಅಂತಲೇ ಟಿವಿ ತಿಳಿದಿದೆ. ಚಿತ್ರವನ್ನು ಅದು ಯಾಕೆ ನಿಲ್ಲಿಸುತ್ತದೆ ಹೇಳಿ.

ಮಂಡಿಪೇಟೆ ಮೊಬೈಲ್ಸ್

ತರಂಗ ಸರ್, ಹಾಗಾದರೆ ಎಲ್‌ಡ್ಯಾಕ್ ಹಾಕಿದರೆ ತಡ ಕಮ್ಮಿ ಆಗಲ್ಲ ಅಂತೀರಾ? ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಹಾಕಿದವರಿಗೆ ತಡ ಕಮ್ಮಿ ಆಗಿರುವುದನ್ನು ನಾನೇ ನೋಡಿದ್ದೇನೆ. ಕೋಡೆಕ್‌ಗೆ ಸಂಬಂಧವೇ ಇಲ್ಲ ಅಂದರೆ ಹೇಗೆ?

ದುರ್ಗದ ತರಂಗ

ಅಣ್ಣ, ನೀವು ನೋಡಿದ್ದು ನಿಜ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿಯಲ್ಲಿ 40 ಮಿಲಿಸೆಕೆಂಡ್ ಸುತ್ತಮುತ್ತ ಬರುತ್ತದೆ. ಅದರಲ್ಲಿ ಕೋಡೆಕ್ ಜೊತೆಗೆ ಟ್ಯಾಂಕನ್ನೂ ಚಿಕ್ಕದು ಮಾಡಿರುತ್ತಾರೆ, ಕಡಿಮೆ ತಡದ್ದು ಅಂತಲೇ ಎರಡೂ ತುದಿಯಲ್ಲಿ ಒಪ್ಪಂದ ಇರುತ್ತದೆ. ಟ್ರಾನ್ಸ್‌ಮಿಟರ್‌ನಲ್ಲೂ ಅದು ಇರಬೇಕು, ಹೆಡ್‌ಫೋನ್‌ನಲ್ಲೂ ಇರಬೇಕು. ಒಂದರಲ್ಲಿ ಇಲ್ಲದಿದ್ದರೆ ಎರಡೂ ಸೇರಿ ಸುಮ್ನೆ ಎಸ್‌ಬಿಸಿಗೆ ಇಳಿಯುತ್ತವೆ, ಯಾಕೆಂದರೆ ಎಸ್‌ಬಿಸಿ ಎಲ್ಲದರಲ್ಲೂ ಇರಲೇಬೇಕು ಅನ್ನುವುದು ನಿಯಮ. ಡಬ್ಬದ ಮೇಲೆ ಲೋ ಲೇಟೆನ್ಸಿ ಅಂತ ನೋಡಿ ಟ್ರಾನ್ಸ್‌ಮಿಟರ್ ಮಾತ್ರ ಕೊಂಡವರು ಮೋಸ ಹೋಗುವುದು ಇಲ್ಲೇ.

ಎಲ್‌ಡ್ಯಾಕ್ ಬೇರೆ ಗುರಿಯದು. ಅದಕ್ಕೆ 330, 660, 990 ಅಂತ ಮೂರು ಮಟ್ಟ ಇದೆ. 990ರಲ್ಲಿ ಗಾಳಿ ಪೂರ್ತಿ ತುಂಬಿ ಹೋಗುತ್ತದೆ. ತಪ್ಪಿದ ಪ್ಯಾಕೆಟ್ ಮತ್ತೆ ಕಳಿಸಲು ಬಿಡುವು ಕಮ್ಮಿ. ಹಾಗಾಗಿ ಟ್ಯಾಂಕ್ ದೊಡ್ಡದೇ ಬೇಕು. ಜಾಸ್ತಿ ಬಿಟ್ ಅಂದರೆ ಧ್ವನಿಯಲ್ಲಿ ವಿವರ ಜಾಸ್ತಿ, ಬೇಗ ಅಂತ ಅಲ್ಲ. ಲಾರಿ ದೊಡ್ಡದಾದರೆ ಹೆಚ್ಚು ಮೆಕ್ಕೆಜೋಳ ಹೋಗುತ್ತದೆ. ಎಪಿಎಂಸಿಗೆ ಮೊದಲು ಮುಟ್ಟುತ್ತದೆ ಅಂತ ಏನಿಲ್ಲ.

ಮತ್ತೆ ಮೇಡಂ ಫೋನಿನಲ್ಲಿ ಕೋಡೆಕ್ ಬದಲಾಯಿಸಿದರೆ ಅವರ ಟಿವಿಗೆ ಏನೂ ಆಗುವುದಿಲ್ಲ. ಟಿವಿ ಕಡೆ ಕೋಡೆಕ್ ತೀರ್ಮಾನ ಮಾಡುವುದು ಆ ಚಿಕ್ಕ ಟ್ರಾನ್ಸ್‌ಮಿಟರ್.

ಕೋಟೆ ಸ್ಟುಡಿಯೋ (ಚಿತ್ರದುರ್ಗ)

ಇದನ್ನು ಓದಿ ನನಗೆ ಕೈಕಾಲು ತಣ್ಣಗಾಯಿತು. ನನ್ನ ಕಥೆ ಹೇಳುತ್ತೇನೆ, ಸ್ವಲ್ಪ ನೋಡಿ ಸರ್.

ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಮನೆಯಲ್ಲಿ ಮಗು ಮಲಗಿರುತ್ತದೆ ಅಂತ ಎರಡು ತಿಂಗಳಿಂದ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಕೆಲಸ. ಕ್ಯಾಮೆರಾದಿಂದ ಬಂದ ಕ್ಲಿಪ್‌ಗಳಲ್ಲೆಲ್ಲ ಧ್ವನಿ ತಡ ಅನ್ನಿಸಿತು. ಕ್ಯಾಮೆರಾದ್ದೇ ದೋಷ ಅಂದುಕೊಂಡೆ. ಟೈಮ್‌ಲೈನಿನಲ್ಲಿ ಧ್ವನಿಯನ್ನು ಐದು ಫ್ರೇಮ್ ಹಿಂದಕ್ಕೆ ಎಳೆದೆ, ಹೆಡ್‌ಫೋನಿನಲ್ಲಿ ಸರಿಯಾಗಿ ಕೂತಿತು. ಹಾಗೇ ರೆಂಡರ್ ಮಾಡಿ ಕೊಟ್ಟೆ. ಹೋದ ವಾರ ಹೊಸದುರ್ಗದ ಒಬ್ಬರು ಫೋನ್ ಮಾಡಿ, ಪುರೋಹಿತರು ಬಾಯಿ ತೆರೆಯುವ ಮೊದಲೇ ಮಂತ್ರ ಬರುತ್ತಿದೆ ಅಂದರು. ಅವರ ಟಿವಿಯದೇ ತಪ್ಪು ಅಂತ ಹೇಳಿಬಿಟ್ಟೆ.

ದುರ್ಗದ ತರಂಗ

ಅವರು ಹೇಳಿದ್ದು ಸರಿ. ನಿಮ್ಮದು 25 ಫ್ರೇಮ್‌ನ ವಿಡಿಯೋ ಆದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಐದು ಫ್ರೇಮ್ ಅಂದರೆ 200. ನಿಮ್ಮ ಹೆಡ್‌ಫೋನಿನ ತಡವನ್ನು ನೀವು ಫೈಲಿನೊಳಗೆ ಉಲ್ಟಾ ಬರೆದುಬಿಟ್ಟಿದ್ದೀರಿ. ಸ್ಪೀಕರ್‌ನಲ್ಲಿ ನೋಡುವವರಿಗೆಲ್ಲ ಮಾತು 200 ಮಿಲಿಸೆಕೆಂಡ್ ಮೊದಲೇ ಬರುತ್ತದೆ.

ಮೊದಲು ಬರುವುದು ತಡವಾಗಿ ಬರುವುದಕ್ಕಿಂತ ಕೆಟ್ಟದು. ಬಾತಿ ಕೆರೆ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರೆ, ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ದೂರದ ಸದ್ದು 100 ಮಿಲಿಸೆಕೆಂಡ್ ತಡ. ಸದ್ದು ತಡವಾಗಿ ಬರುವುದು ನಮ್ಮ ಮೆದುಳಿಗೆ ಹುಟ್ಟಿನಿಂದ ರೂಢಿ. ಕಾಣುವ ಮೊದಲೇ ಕೇಳುವುದು ಮಾತ್ರ ಈ ಲೋಕದಲ್ಲಿ ಎಲ್ಲೂ ಇಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಘ 1998ರಲ್ಲಿ ಟಿವಿ ಪ್ರಸಾರಕ್ಕೆ ಕೊಟ್ಟ ಶಿಫಾರಸಿನಲ್ಲೂ ಇದೇ ಇದೆ. ಮಾತು 45 ಮಿಲಿಸೆಕೆಂಡ್ ಮೊದಲು ಬಂದರೆ ಜನರಿಗೆ ಗೊತ್ತಾಗಲು ಶುರುವಾಗುತ್ತದೆ. ತಡವಾಗಿ ಬಂದರೆ 125ರ ತನಕ ಗೊತ್ತಾಗುವುದಿಲ್ಲ.

ಕೋಟೆ ಸ್ಟುಡಿಯೋ

ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಹೆಡ್‌ಫೋನ್ ಹಾಕಿ ಸಿನಿಮಾ ನೋಡಿದರೆ ಸರಿ ಇತ್ತು ಸರ್. ಅದಕ್ಕೇ ನನಗೆ ಕ್ಯಾಮೆರಾ ಮೇಲೆ ಅನುಮಾನ ಬಂದದ್ದು.

ದುರ್ಗದ ತರಂಗ

ಸಿನಿಮಾ ಪ್ಲೇಯರ್ ಚಿತ್ರವನ್ನು ತಡೆದು ತೋರಿಸಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ಗಳು ಎಷ್ಟೋ ಸಲ ಹಾಗೆ ಮಾಡುವುದಿಲ್ಲ. ಕೆಲವದರಲ್ಲಿ ಕೈಯಿಂದ ಒಂದು ಸಂಖ್ಯೆ ಕೊಡಲು ಜಾಗ ಇರುತ್ತದೆ, ಕೆಲವದರಲ್ಲಿ ಅದೂ ಇರುವುದಿಲ್ಲ.

ಇನ್ನು ಮೇಲೆ ಸಿಂಕ್ ನೋಡುವಾಗ ಕಿವಿ ನಂಬಬೇಡಿ, ಕಣ್ಣು ನಂಬಿ. ಗಟ್ಟಿಮೇಳದ ಹೊತ್ತಿಗೆ ಡೋಲಿನ ಕೋಲು ಚರ್ಮಕ್ಕೆ ಬೀಳುವ ಫ್ರೇಮ್ ಹುಡುಕಿ. ಟೈಮ್‌ಲೈನಿನಲ್ಲಿ ಧ್ವನಿಯ ಗೆರೆ ಎಲ್ಲಿ ಮೇಲೆ ನೆಗೆಯುತ್ತದೆ ನೋಡಿ. ಎರಡೂ ಒಂದೇ ಫ್ರೇಮಿನಲ್ಲಿದ್ದರೆ ಫೈಲ್ ಸರಿ. ಹೆಡ್‌ಫೋನಿನಲ್ಲಿ ಏನೇ ಕೇಳಲಿ, ಅದನ್ನು ಮುಟ್ಟಬೇಡಿ. ಕೆಲಸಕ್ಕೆ ಒಂದು ತಂತಿ ಹೆಡ್‌ಫೋನ್ ಇಟ್ಟುಕೊಳ್ಳಿ.

ಬಾತಿ ಹುಡುಗ (ದಾವಣಗೆರೆ)

ಅಣ್ಣ, ನನ್ನದು ಗೇಮ್ ವಿಷಯ. ಯೂಟ್ಯೂಬ್ ಸರಿ, ಗೇಮಿನಲ್ಲಿ ಮಾತ್ರ ಗುಂಡಿನ ಸದ್ದು ತಡ. ಫೋನು ಚಿತ್ರವನ್ನು ತಡೆಯುತ್ತದೆ ಅಂದಿರಲ್ಲ, ಗೇಮಿನಲ್ಲಿ ಯಾಕೆ ತಡೆಯುವುದಿಲ್ಲ?

ಇನ್ನೊಂದು. ಹಾಸ್ಟೆಲ್‌ನಲ್ಲಿ ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಸಿನಿಮಾಗೂ ತಡ ಇದೆ.

ದುರ್ಗದ ತರಂಗ

ಸಿನಿಮಾದಲ್ಲಿ ಮುಂದಿನ ಮಾತು ಏನು ಅಂತ ಪ್ಲೇಯರ್‌ಗೆ ಮೊದಲೇ ಗೊತ್ತು, ಫೈಲಿನಲ್ಲಿ ಇದೆ. ಗೇಮಿನಲ್ಲಿ ನೀನು ಯಾವಾಗ ಒತ್ತುತ್ತೀಯ ಅಂತ ಅದಕ್ಕೆ ಗೊತ್ತಿಲ್ಲ. ಚಿತ್ರವನ್ನು 200 ಮಿಲಿಸೆಕೆಂಡ್ ತಡೆದರೆ ನಿನ್ನ ಬೆರಳೇ ತಡವಾದ ಹಾಗೆ ಆಗುತ್ತದೆ, ಆಡಲು ಆಗುವುದಿಲ್ಲ. ಹಾಗಾಗಿ ಗೇಮಿಗೆ ತಡವನ್ನೇ ಕಮ್ಮಿ ಮಾಡಬೇಕು. ಇಯರ್‌ಬಡ್‌ನ ಗೇಮ್ ಮೋಡ್ ಮಾಡುವುದು ಅದನ್ನೇ, ಟ್ಯಾಂಕ್ ಚಿಕ್ಕದು ಮಾಡುತ್ತದೆ. ಇಲ್ಲದಿದ್ದರೆ ತಂತಿ.

ಉಬುಂಟುವಿನಲ್ಲಿ ನಿನ್ನ ಹೆಡ್‌ಫೋನ್ ಸರಿಯಾದ ಲೆಕ್ಕ ಹೇಳುತ್ತಿಲ್ಲ ಅನ್ನಿಸುತ್ತದೆ. ಆ ಲೆಕ್ಕವನ್ನು ನೀನೇ ಹೇಳಬಹುದು:

```
pactl list cards
pactl set-port-latency-offset bluez_card.XX_XX_XX_XX_XX_XX headphone-output 200000
```

ಮೊದಲ ಸಾಲು ಕಾರ್ಡ್ ಮತ್ತು ಪೋರ್ಟ್ ಹೆಸರು ತೋರಿಸುತ್ತದೆ, ಎರಡನೆಯದರಲ್ಲಿ ಅವನ್ನೇ ಹಾಕು. ಕೊನೆಯ ಸಂಖ್ಯೆ ಮೈಕ್ರೋಸೆಕೆಂಡ್‌ನಲ್ಲಿ, 200000 ಅಂದರೆ 200 ಮಿಲಿಸೆಕೆಂಡ್. ಇದರಿಂದ ಧ್ವನಿ ಒಂದಿಷ್ಟೂ ಬೇಗ ಬರುವುದಿಲ್ಲ. ಎಷ್ಟು ತಡ ಇದೆ ಅನ್ನುವ ನಿಜ ಪ್ಲೇಯರ್‌ಗೆ ಗೊತ್ತಾಗುತ್ತದೆ, ಅದು ಚಿತ್ರವನ್ನು ತಡೆಯುತ್ತದೆ.

ಕುಂದವಾಡ ಕೆರೆ

ಸರ್, ಈಗ ಅರ್ಥವಾಯಿತು. ನಮ್ಮ ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋ ಡಿಲೇ ಅಂತ ಒಂದು ಇದೆ. ಅದನ್ನು 0ರಿಂದ 200ಕ್ಕೆ ಏರಿಸಿದೆ. ಇನ್ನೂ ಹದಗೆಟ್ಟಿತು. ಕಮ್ಮಿ ಮಾಡೋಣ ಅಂದರೆ 0ಗಿಂತ ಕೆಳಗೆ ಹೋಗುವುದಿಲ್ಲ.

ದುರ್ಗದ ತರಂಗ

ಅದು ಧ್ವನಿಯನ್ನು ತಡ ಮಾಡುವ ಗುಂಡಿ. ಚಿತ್ರ ನಿಧಾನವಾಗಿ ಬರುವ ಕಡೆ ಅದು ಬೇಕಾಗುತ್ತದೆ. ನಿಮಗೆ ಬೇಕಾದದ್ದು ಚಿತ್ರವನ್ನು ತಡ ಮಾಡುವುದು. 0ಗೆ ವಾಪಸ್ ಇಡಿ.

ಏನಾದರೂ ಕೊಳ್ಳುವ ಮೊದಲು ತಡ ಎಷ್ಟಿದೆ ಅಂತ ಅಳೆಯೋಣ. ಅಡುಗೆಮನೆಯ ಸ್ಟೀಲ್ ತಟ್ಟೆಗೆ ಚಮಚದಿಂದ ಒಂದೊಂದೇ ಏಟು ಹೊಡೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಹತ್ತು ಏಟು ಸಾಕು. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ಹಚ್ಚಿ. ಈಗ ಇನ್ನೊಂದು ಫೋನಿನಿಂದ ಟಿವಿ ಪರದೆಯನ್ನು ಶೂಟ್ ಮಾಡಿ. ಮೊದಲನೇ ಸಲ ಟಿವಿಯ ಸ್ಪೀಕರ್ ಸದ್ದಿನಲ್ಲಿ. ಎರಡನೇ ಸಲ ಟ್ರಾನ್ಸ್‌ಮಿಟರ್ ಹಾಕಿ, ಇಯರ್‌ಬಡ್ ಅನ್ನು ಶೂಟ್ ಮಾಡುವ ಫೋನಿನ ಮೈಕ್ ತೂತಿಗೇ ಒತ್ತಿ ಹಿಡಿದುಕೊಂಡು. ಮೂರನೇ ಸಲ ಅದೇ ವಿಡಿಯೋವನ್ನು ನಿಮ್ಮ ಫೋನಿನಲ್ಲಿ, ಇಯರ್‌ಬಡ್ ಜೊತೆ.

ಸ್ಪೀಕರ್ ಸದ್ದಿನ ಸಲ ಯಾಕೆ ಬೇಕು ಅಂದರೆ, ಶೂಟ್ ಮಾಡುವ ಫೋನಿನಲ್ಲೂ, ಮೊದಲು ಮಾಡಿದ ವಿಡಿಯೋದಲ್ಲೂ ಒಂದಿಷ್ಟು ಹೆಚ್ಚುಕಮ್ಮಿ ಇರುತ್ತದೆ. ಅದನ್ನು ಕಳೆಯಬೇಕು.

ಕೋಟೆ ಸ್ಟುಡಿಯೋ

ಮೇಡಂ, ಮೂರೂ ಕ್ಲಿಪ್ ನನಗೆ ಕಳಿಸಿ. ಫ್ರೇಮ್ ಎಣಿಸುವುದು ನನ್ನ ದಿನದ ಕೆಲಸ.

ಕೋಟೆ ಸ್ಟುಡಿಯೋ

ಎಣಿಸಿದೆ. ಕ್ಲಿಪ್ 30 ಫ್ರೇಮ್‌ನದು, ಒಂದು ಫ್ರೇಮ್ 33 ಮಿಲಿಸೆಕೆಂಡ್. ಚಮಚ ತಟ್ಟೆಗೆ ತಾಗಿದ ಫ್ರೇಮಿನಿಂದ ಸದ್ದಿನ ಗೆರೆ ನೆಗೆಯುವ ತನಕ ಹೀಗಿದೆ. ಟಿವಿ ಸ್ಪೀಕರ್‌ನಲ್ಲಿ 1 ಫ್ರೇಮ್. ಟ್ರಾನ್ಸ್‌ಮಿಟರ್ ಮತ್ತು ಇಯರ್‌ಬಡ್‌ನಲ್ಲಿ 8 ಫ್ರೇಮ್, ಹತ್ತು ಏಟಿನಲ್ಲಿ ಎರಡು ಕಡೆ 7 ಬಂತು. ಫೋನ್ ಮತ್ತು ಇಯರ್‌ಬಡ್‌ನಲ್ಲಿ 1, ಕೆಲವು ಕಡೆ 2.

ದುರ್ಗದ ತರಂಗ

ಚೆನ್ನಾಗಿ ಎಣಿಸಿದ್ದೀರಿ. 8ರಲ್ಲಿ 1 ಕಳೆದರೆ 7. ಅಂದರೆ ಹತ್ತಿರ ಹತ್ತಿರ 230 ಮಿಲಿಸೆಕೆಂಡ್. ಅದೇ ಇಯರ್‌ಬಡ್ ಫೋನಿನಲ್ಲಿ ಸೊನ್ನೆಯ ಹತ್ತಿರ. ಫೋನು ಆ 230ನ್ನು ಚಿತ್ರದಲ್ಲಿ ನುಂಗಿಕೊಂಡಿದೆ.

ಮೇಡಂ, ನಿಮ್ಮ ಇಯರ್‌ಬಡ್‌ನಲ್ಲಿ ಗೇಮ್ ಮೋಡ್ ಇದೆಯಾ ನೋಡಿ. ಬಹಳಷ್ಟರಲ್ಲಿ ಮೂರು ಸಲ ತಟ್ಟಿದರೆ ಅಥವಾ ಒತ್ತಿ ಹಿಡಿದರೆ ಶುರುವಾಗುತ್ತದೆ. ತಟ್ಟಿ ಶುರು ಮಾಡುವಂಥದ್ದಾದರೆ ಫೋನ್ ಬೇಕಾಗಿಲ್ಲ, ಟ್ರಾನ್ಸ್‌ಮಿಟರ್ ಜೊತೆಗೂ ನಡೆಯಬೇಕು. ಟ್ರಾನ್ಸ್‌ಮಿಟರ್ ಅನ್ನು ಟಿವಿ ಹಿಂದೆ ಅಡಗಿಸಬೇಡಿ. ಒಂದು ಚಿಕ್ಕ ಎಕ್ಸ್‌ಟೆನ್ಶನ್ ತಂತಿ ಹಾಕಿ ಅಪ್ಪನಿಗೆ ಕಾಣುವ ಹಾಗೆ ಮುಂದಕ್ಕೆ ಇಡಿ. ಟ್ಯಾಂಕ್ ಚಿಕ್ಕದಾದಾಗ ದಾರಿ ಸಲೀಸಾಗಿರಬೇಕು.

ಮಂಡಿಪೇಟೆ ಮೊಬೈಲ್ಸ್

ನಾನೂ ಅಂಗಡಿಯಲ್ಲಿ ಅಳೆದೆ. ಎಲ್‌ಡ್ಯಾಕ್ ಇರುವ ಒಂದು ಜೋಡಿ ತೆಗೆದುಕೊಂಡೆ. ಯೂಟ್ಯೂಬ್‌ನಲ್ಲಿ ಎಸ್‌ಬಿಸಿ ಹಾಕಿದರೂ ಎಲ್‌ಡ್ಯಾಕ್ ಹಾಕಿದರೂ ತುಟಿ ಒಂದೇ ಥರ ಕೂಡುತ್ತದೆ. ಆಮೇಲೆ ಬೆರಳಿನಿಂದ ಬಾರಿಸುವ ಡ್ರಮ್ ಆ್ಯಪ್ ಹಾಕಿ ಶೂಟ್ ಮಾಡಿದೆ. ಅಲ್ಲಿ ಚಿತ್ರ ತಡೆಯುವ ಆಟ ಇಲ್ಲವಲ್ಲ. ಎಸ್‌ಬಿಸಿಯಲ್ಲಿ 7 ಫ್ರೇಮ್, ಎಲ್‌ಡ್ಯಾಕ್‌ನಲ್ಲಿ 9. ತರಂಗ ಸರ್ ಹೇಳಿದ್ದು ಒಪ್ಪಿದೆ. ಮೇಡಂ, ಮೊದಲು ಹೇಳಿದ್ದು ನನ್ನ ತಪ್ಪು.

ಆದರೆ ಕ್ವಾಲಿಟಿ ವಿಷಯದಲ್ಲಿ ನಾನು ಬಿಟ್ಟುಕೊಡಲ್ಲ. ಅದೇ ಹಾಡು ಎಲ್‌ಡ್ಯಾಕ್‌ನಲ್ಲಿ ಕೇಳಿದರೆ ತಬಲಾದ ಕಿನಾರೆ ಏಟು ಬಿಡಿ ಬಿಡಿಯಾಗಿ ಕೇಳುತ್ತದೆ.

ದುರ್ಗದ ತರಂಗ

ಇರಬಹುದು. ಶಾಂತ ಕೋಣೆ, ಒಳ್ಳೆಯ ಹೆಡ್‌ಫೋನ್, ಒಳ್ಳೆಯ ಫೈಲ್ ಇದ್ದರೆ ನಾನು ಇಲ್ಲ ಅನ್ನಲ್ಲ. ಆದರೆ ಯಾವುದು ಹಾಕಿದ್ದೇವೆ ಅಂತ ಗೊತ್ತಿದ್ದು ಕೇಳಿದರೆ ಕಿವಿ ಒಂದು ಕಡೆ ವಾಲುತ್ತದೆ. ಅಂಗಡಿ ಹುಡುಗನಿಗೆ ಹೇಳಿ, ನಿಮಗೆ ತೋರಿಸದೆ ಹತ್ತು ಸಲ ಬದಲಾಯಿಸಲಿ. ಎಷ್ಟು ಸಲ ಸರಿ ಹೇಳುತ್ತೀರಿ ನೋಡಿ. ಸೌಂಡ್ ಎರಡರಲ್ಲೂ ಒಂದೇ ಮಟ್ಟದಲ್ಲಿರಲಿ, ಸ್ವಲ್ಪ ಜೋರಾದದ್ದು ಯಾವಾಗಲೂ ಚೆನ್ನಾಗಿ ಕೇಳುತ್ತದೆ.

ವಾರ್ತೆ, ಧಾರಾವಾಹಿಯ ಮಾತಿಗೆ ಮಾತ್ರ 328ರ ಎಸ್‌ಬಿಸಿ ಧಾರಾಳ ಸಾಕು.

ಮಂಡಿಪೇಟೆ ಮೊಬೈಲ್ಸ್

ಹತ್ತರಲ್ಲಿ ಏಳು ಸರಿ ಹೇಳಿದೆ. ಹುಡುಗ ಐದೇ ಹೇಳಿದ. ಏಳು ಬಂದದ್ದು ಸಾಕಾ?

ದುರ್ಗದ ತರಂಗ

ಸುಮ್ನೆ ನಾಣ್ಯ ಹಾರಿಸಿದರೂ ಹತ್ತರಲ್ಲಿ ಏಳು ಆಗಾಗ ಬರುತ್ತದೆ ಅಣ್ಣ. ಇಪ್ಪತ್ತು ಸಲ ಮಾಡಿ ನೋಡಿ. ಹದಿನೈದು ದಾಟಿದರೆ ನಾನೇ ಅಂಗಡಿಗೆ ಬಂದು ಕೇಳುತ್ತೇನೆ.

ಹಿರಿಯೂರು ಮೇಷ್ಟ್ರು

ನನ್ನ ಪ್ರಶ್ನೆ ಮರೆತಿರಿ. ಇಂಟರ್ನೆಟ್ ಅಲ್ಲ ಅಂತ ಒಪ್ಪಿದೆ, ನನ್ನ ಸಿನಿಮಾಗಳೆಲ್ಲ ಪೆನ್‌ಡ್ರೈವ್‌ನಲ್ಲೇ ಇವೆ. ವಿಎಲ್‌ಸಿಯಲ್ಲಿ `K` ಒತ್ತಿದೆ, ಮಾತು ಇನ್ನೂ ಹಿಂದೆ ಹೋಯಿತು. `J` ಒತ್ತಿದೆ, ನಾಲ್ಕು ಸಲ ಒತ್ತಿದ ಮೇಲೆ ಸರಿಯಾಯಿತು. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಮತ್ತೆ ಒತ್ತಬೇಕಾಯಿತು.

ದುರ್ಗದ ತರಂಗ

ಮೇಷ್ಟ್ರೇ, ಕ್ಷಮಿಸಿ. ನಿಮ್ಮದು ಬೇರೆ ರೋಗ. ಮೇಡಂ ಮನೆಯದ್ದು ಮೊದಲಿನಿಂದ ಕೊನೆಯ ತನಕ ಒಂದೇ ಅಳತೆಯ ತಡ. ನಿಮ್ಮದು ಹೊತ್ತು ಹೋದ ಹಾಗೆ ಬೆಳೆಯುತ್ತದೆ. `J` ಒಂದು ಸಲ ಒತ್ತಿದರೆ ಮಾತು 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ, ಅಂದರೆ ನೀವು 200 ಸರಿ ಮಾಡಿದಿರಿ, ಅದು ಮತ್ತೆ ಜಾರಿತು.

ಎರಡು ಪರೀಕ್ಷೆ ಮಾಡಿ. ಅದೇ ಸಿನಿಮಾವನ್ನು ತಂತಿ ಹೆಡ್‌ಫೋನಿನಲ್ಲಿ ಕೊನೆಯ ತನಕ ನೋಡಿ. ಅಲ್ಲೂ ಜಾರಿದರೆ ಫೈಲ್‌ನದೇ ತಪ್ಪು, ಬ್ಲೂಟೂತ್‌ನ ಮೇಲೆ ಹೊರಿಸುವ ಹಾಗಿಲ್ಲ. ಜಾರದಿದ್ದರೆ ಬ್ಲೂಟೂತ್‌ನಲ್ಲಿ ಹಾಕಿ, ಜಾರಿದ ಮೇಲೆ ಏನನ್ನೂ ಬದಲಾಯಿಸದೆ ಹತ್ತು ಸೆಕೆಂಡ್ ನಿಲ್ಲಿಸಿ ಮತ್ತೆ ಹಚ್ಚಿ. ಏನಾಗುತ್ತದೆ ಹೇಳಿ.

ಕುಂದವಾಡ ಕೆರೆ

ಮೂರು ದಿನದ ಸುದ್ದಿ ಹೇಳುತ್ತೇನೆ.

ಗೇಮ್ ಮೋಡ್ ಇತ್ತು! ಬಲಗಡೆಯ ಬಡ್ ಮೂರು ಸಲ ತಟ್ಟಬೇಕು. ಮತ್ತೆ ತಟ್ಟೆ ಬಾರಿಸಿ ಕ್ಲಿಪ್ ಕಳಿಸಿದೆ. ಕೋಟೆ ಸ್ಟುಡಿಯೋದವರು ಎಣಿಸಿ 4 ಫ್ರೇಮ್ ಅಂದರು. ಒಂದು ಕಳೆದರೆ 3, ಅಂದರೆ 100 ಮಿಲಿಸೆಕೆಂಡ್. ಅಪ್ಪನಿಗೆ ಏನೂ ಹೇಳದೆ ಹಾಕಿಕೊಟ್ಟೆ. ಧಾರಾವಾಹಿ ಪೂರ್ತಿ ನೋಡಿದರು. ಮಧ್ಯದಲ್ಲಿ ಒಂದು ಸಲ ನಕ್ಕರು ಕೂಡ.

ತೊಂದರೆ ಒಂದು ಉಳಿದಿದೆ. ಮೊದಲು ಅಪ್ಪ ಬಡ್ ಹಾಕಿಕೊಂಡೇ ಅಡುಗೆಮನೆಗೆ ನೀರು ಕುಡಿಯಲು ಹೋಗುತ್ತಿದ್ದರು, ಧ್ವನಿ ಕಡಿಯುತ್ತಿರಲಿಲ್ಲ. ಈಗ ಗೋಡೆ ದಾಟಿದ ತಕ್ಷಣ ಕಟ್ ಕಟ್ ಅನ್ನುತ್ತದೆ. ಮಗ ವೈಫೈನಲ್ಲಿ ಪಾಠದ ವಿಡಿಯೋ ಹಾಕಿದಾಗ ಕುರ್ಚಿಯಲ್ಲಿ ಕೂತಿದ್ದರೂ ಒಂದೆರಡು ಸಲ ಕಡಿಯಿತು. ಬಡ್ ಪೆಟ್ಟಿಗೆಗೆ ಹಾಕಿ ತೆಗೆದರೆ ಗೇಮ್ ಮೋಡ್ ಹೋಗಿಬಿಡುತ್ತದೆ, ದಿನಾ ತಟ್ಟಬೇಕು. ಅಪ್ಪನ ಬೆರಳಿಗೆ ಅದು ಬರುವುದಿಲ್ಲ.

ದುರ್ಗದ ತರಂಗ

ಕಡಿಯುವುದು ಚಿಕ್ಕ ಟ್ಯಾಂಕಿನ ಬೆಲೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಮಗನ ಸಾಧನವನ್ನು ಅದಕ್ಕೆ ಹಾಕಿ. ಬ್ಲೂಟೂತ್ ಇರುವುದು 2.4ರಲ್ಲಿ, ಇಬ್ಬರೂ ಒಂದೇ ಓಣಿಯಲ್ಲಿ ನುಗ್ಗುವುದು ತಪ್ಪುತ್ತದೆ.

ದಿನಾ ತಟ್ಟುವುದು ಬೇಡ ಅಂದರೆ, ನಾನಾದರೆ ಎರಡೂ ಕಡೆ ಲೋ ಲೇಟೆನ್ಸಿ ಇರುವ, ಟ್ರಾನ್ಸ್‌ಮಿಟರ್ ಜೊತೆಗೇ ಸಿಗುವ ಟಿವಿ ಹೆಡ್‌ಫೋನ್ ನೋಡುತ್ತೇನೆ. ಬ್ಲೂಟೂತ್ ಅಲ್ಲದೆ ಬೇರೆ ರೇಡಿಯೋದಲ್ಲಿ ನಡೆಯುವ ಟಿವಿ ಹೆಡ್‌ಫೋನ್‌ಗಳೂ ಇವೆ. ಕಿವಿ ಪೂರ್ತಿ ಮುಚ್ಚುವಂಥದ್ದು, ಸೌಂಡ್‌ಗೆ ತಿರುಗಿಸುವ ಗುಂಡಿ ಇರುವಂಥದ್ದು ಹಿರಿಯರಿಗೆ ಸುಲಭ.

ಎಲ್‌ಇ ಆಡಿಯೋ ಅಂತ ಹೊಸದು ಬಂದಿದೆ. ಅದರಲ್ಲಿ ಎಲ್‌ಸಿ3 ಅನ್ನುವ ಕೋಡೆಕ್. ಪ್ರತಿ ಕಟ್ಟನ್ನೂ ಗೊತ್ತಾದ ಹೊತ್ತಿಗೆ ಕಳಿಸುವ ಪದ್ಧತಿ ಇರುವುದರಿಂದ ಟ್ಯಾಂಕ್ ಚಿಕ್ಕದಿದ್ದರೂ ನಡೆಯುತ್ತದೆ. ಆದರೆ ಅದಕ್ಕೂ ಎರಡು ತುದಿ ಬೇಕು. ನಿಮ್ಮ ಬಳಿ ಇರುವ ಯಾವುದನ್ನೂ ಅದಕ್ಕೆ ಬಳಸಲು ಆಗುವುದಿಲ್ಲ.

ಬಾತಿ ಹುಡುಗ

ಅಣ್ಣ, ಆ ಕಮಾಂಡ್ ಕೆಲಸ ಮಾಡಿತು. 200000 ಜಾಸ್ತಿ ಆಯಿತು, ಮಾತು ಮೊದಲು ಬರುತ್ತಿತ್ತು. 140000ಕ್ಕೆ ಸರಿ ಕೂತಿತು.

ಆದರೆ ಫೋನಿನಲ್ಲಿ ಇನ್ನೊಂದು ವಿಚಿತ್ರ. ಗೇಮ್ ಮೋಡ್ ಹಾಗೇ ಬಿಟ್ಟು ಯೂಟ್ಯೂಬ್ ನೋಡಿದರೆ ಮಾತು ತುಟಿಗಿಂತ ಸ್ವಲ್ಪ ಮುಂಚೆ ಬಂದ ಹಾಗೆ ಅನ್ನಿಸುತ್ತದೆ. ಇದು ನನ್ನ ಭ್ರಮೆಯಾ?

ದುರ್ಗದ ತರಂಗ

ಭ್ರಮೆ ಅಲ್ಲದೆ ಇರಬಹುದು. ಟ್ಯಾಂಕ್ ಚಿಕ್ಕದಾದ ಮೇಲೆ ಇಯರ್‌ಬಡ್ ಹೊಸ ಲೆಕ್ಕ ಹೇಳಬೇಕು. ಹೇಳದಿದ್ದರೆ ಫೋನು ಹಳೆಯ ಲೆಕ್ಕದಲ್ಲೇ ಚಿತ್ರವನ್ನು ಜಾಸ್ತಿ ತಡೆಯುತ್ತದೆ. ತಟ್ಟೆ, ಚಮಚ ತಗೊಂಡು ಅಳೆ. ಅಳೆಯದೆ ನಾನು ಹೌದು ಅನ್ನಲ್ಲ.

ಕೋಟೆ ಸ್ಟುಡಿಯೋ

ಡೋಲಿನ ಕೋಲು ನೋಡಿ ಎಲ್ಲಾ ಫೈಲ್ ಪರೀಕ್ಷೆ ಮಾಡಿದೆ. ಕ್ಯಾಮೆರಾದ ಮೂಲ ಕ್ಲಿಪ್‌ಗಳು ಸರಿಯಾಗೇ ಇವೆ. ನಾನು ಕೊಟ್ಟ ಮೂರು ಮದುವೆ ತಪ್ಪಾಗಿವೆ. ಹೊಸದುರ್ಗದವರಿಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ, ಹೊಸ ಪೆನ್‌ಡ್ರೈವ್ ಕಳಿಸುತ್ತಿದ್ದೇನೆ. ಉಳಿದ ಎರಡು ಮನೆಯವರಿಗೆ ಇನ್ನೂ ಗೊತ್ತಾಗಿಲ್ಲ, ಅವರಿಗೂ ಹೇಳಿ ಬದಲಾಯಿಸಿ ಕೊಡುತ್ತೇನೆ.

ಹಿರಿಯೂರು ಮೇಷ್ಟ್ರು

ಎರಡೂ ಪರೀಕ್ಷೆ ಮಾಡಿದೆ. ತಂತಿಯಲ್ಲಿ ಎರಡೂವರೆ ಗಂಟೆ ಜಾರಲಿಲ್ಲ. ಬ್ಲೂಟೂತ್‌ನಲ್ಲಿ ಜಾರಿತು. ನಿಲ್ಲಿಸಿ ಮತ್ತೆ ಹಚ್ಚಿದ ತಕ್ಷಣ ಮೊದಲಿನ ಹಾಗೆ ಸರಿಯಾಯಿತು.

ದುರ್ಗದ ತರಂಗ

ಹಾಗಾದರೆ ಫೈಲ್ ಸರಿ. ನನ್ನ ಅನುಮಾನ ಗಡಿಯಾರದ ಮೇಲೆ. ಲ್ಯಾಪ್‌ಟಾಪಿನಲ್ಲಿ ಒಂದು ಹರಳಿನ ಗಡಿಯಾರ ಇದೆ, ಹೆಡ್‌ಫೋನಿನಲ್ಲಿ ಇನ್ನೊಂದು. ಎರಡೂ ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಗಂಟೆಗೆ 180 ಮಿಲಿಸೆಕೆಂಡ್ ಆಗುತ್ತದೆ. ಹೆಡ್‌ಫೋನಿನದು ನಿಧಾನವಾದರೆ ಬಂದಷ್ಟನ್ನು ಅದು ಖಾಲಿ ಮಾಡುವುದಿಲ್ಲ, ಟ್ಯಾಂಕ್ ತುಂಬುತ್ತಾ ಹೋಗುತ್ತದೆ, ತಡ ಬೆಳೆಯುತ್ತದೆ. ಒಳ್ಳೆಯ ಹೆಡ್‌ಫೋನ್ ಇದನ್ನು ಗಮನಿಸಿ ಕಿವಿಗೆ ಗೊತ್ತಾಗದಷ್ಟು ವೇಗ ಹೊಂದಿಸಿಕೊಳ್ಳುತ್ತದೆ. ನಿಮ್ಮದು ಹೊಂದಿಸಿಕೊಳ್ಳುತ್ತಿಲ್ಲ ಅನ್ನಿಸುತ್ತದೆ. ನಿಲ್ಲಿಸಿದಾಗ ಟ್ಯಾಂಕ್ ಖಾಲಿಯಾಗುತ್ತದೆ, ಅದಕ್ಕೇ ಸರಿಯಾಗುತ್ತದೆ.

ಇನ್ನೊಂದು ಕೇಳುತ್ತೇನೆ. ಅದೇ ಹೆಡ್‌ಫೋನ್ ಫೋನಿಗೆ ಹಾಕಿ ಅಷ್ಟೇ ಹೊತ್ತು ನೋಡಿದರೆ ಜಾರುತ್ತದೆಯಾ? ಜಾರಿದರೆ ಹೆಡ್‌ಫೋನ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಜಾರದಿದ್ದರೆ ಲ್ಯಾಪ್‌ಟಾಪಿನ ಬ್ಲೂಟೂತ್ ಡ್ರೈವರ್ ನೋಡಬೇಕು.

ಹಿರಿಯೂರು ಮೇಷ್ಟ್ರು

ಭಾನುವಾರ ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಮಧ್ಯಂತರದಲ್ಲಿ ಒಂದು ಸಲ ನಿಲ್ಲಿಸಿ ಕಾಫಿ ಕುಡಿದು ಬಂದು ಮತ್ತೆ ಹಚ್ಚುತ್ತೇನೆ.